ಚುಕ್ಕೆ ಇಲ್ಲದ ಕಾಗದಗಳಿಗೆ ಚುಕ್ಕೆ ಇಟ್ಟ ಕಥೆ

ಡೊಂಬಿವಲಿಯಲ್ಲಿ ನಂದು ಡಿಟಿಪಿ ಕೆಲಸ, ಲಗ್ನಪತ್ರಿಕೆ, ಸಂಘದ ಸ್ಮರಣ ಸಂಚಿಕೆ ಇಂಥದ್ದು. ಮಾಟುಂಗದ ಒಂದು ಹೋಟೆಲಿನವರ ಮನೆಯಿಂದ ಹಳೇ ಕಾಗದಗಳ ಒಂದು ಕಟ್ಟು ಬಂತು, ಕರಾವಳಿಯ ಊರಿಂದ ಅವರ ದೊಡ್ಡಮ್ಮ ಬೊಂಬಾಯಿಯಲ್ಲಿದ್ದ ಮಗನಿಗೆ ಬರೆದದ್ದು, ಹೆಚ್ಚುಕಮ್ಮಿ ನಲವತ್ತು ಇನ್‌ಲ್ಯಾಂಡು. ಒಂದರಲ್ಲೂ ಚುಕ್ಕೆ ಇಲ್ಲ, ಕೊಮಾ ಇಲ್ಲ, ಪ್ಯಾರಾ ಅಂತೂ ಕೇಳ್ಲೇಬೇಡಿ, 'ಉಭಯ ಕುಶಲೋಪರಿ'ಯಿಂದ ಶುರುವಾಗಿ ಅಂಟಿಸುವ ಮಡಿಕೆವರೆಗೆ ಒಂದೇ ಉಸಿರು. ಜಾಗ ವೇಸ್ಟ್ ಮಾಡಿದ್ರೆ ಇನ್ನೊಂದು ಇನ್‌ಲ್ಯಾಂಡಿಗೆ ದುಡ್ಡು ಬೇಕಲ್ಲ. ಮನೆಯವರಿಗೆ ಪುಸ್ತಕ ಮಾಡಿಸ್ಬೇಕು, ಓದುವ ಹಾಗೆ ಆಗ್ಬೇಕು, ಆದ್ರೆ ಅರ್ಥ ಒಂಚೂರೂ ಬದಲಾಗಬಾರದು. ನಮ್ಮ ಲೈನಿನ ಇಬ್ಬರು 'ಅದು ಆಗುವ ಕೆಲಸ ಅಲ್ಲ ಮಾರಾಯ, ಹಾಗೇ ಟೈಪ್ ಮಾಡಿ ಕೊಟ್ಬಿಡು' ಅಂದ್ರು. ಈಗ ಪುಸ್ತಕ ಪ್ರಿಂಟಾಗಿದೆ, ಅದಕ್ಕೇ ಬರೀತಿದ್ದೇನೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿಸಿದೆ. ಟೈಪಿಂಗಿಗೆ ಹೊರಗೆ ಕೊಟ್ಟೆ, ನಾಲ್ಕೋ ಐದೋ ಸಾವಿರ ಹೋಯ್ತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರ್ತದಲ್ಲ, ಹಾಗಾಗಿ ಕ್ರಿಯಾಪದ ಕಂಡಲ್ಲೆಲ್ಲ ಚುಕ್ಕೆ ಇಡು ಅಂತ ಹೇಳಿದ್ದೆ. 'ಮಳೆ ಬಂತು ಅಂತ ಗದ್ದೆಗೆ ಹೋಗಲಿಲ್ಲ' ಅನ್ನುವುದು 'ಮಳೆ ಬಂತು. ಅಂತ ಗದ್ದೆಗೆ ಹೋಗಲಿಲ್ಲ.' ಆಗಿ ಬಂತು. ಅಷ್ಟೇ ಆದ್ರೆ ಪರವಾಗಿರಲಿಲ್ಲ, ಆ ಹುಡುಗ 'ಹೋಗ್ತೆ' ಇದ್ದದ್ದನ್ನು 'ಹೋಗುತ್ತೇನೆ' ಮಾಡಿಟ್ಟಿದ್ದ. ಪೂರ್ತಿ ಬಿಸಾಡಿದೆ.

ಆಮೇಲೆ ಒಂದು ಪ್ರಯೋಗ. ಆ ಮನೆಯದೇ ಒಬ್ಬರು ಅಜ್ಜಿ ಹತ್ರ ಕಾಗದ ಗಟ್ಟಿಯಾಗಿ ಓದಿಸಿ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡೆ, ಅವರು ಉಸಿರು ತಗೊಂಡಲ್ಲಿ ಚುಕ್ಕೆ ಅಂತ ಲೆಕ್ಕ. ಕೇಳಿ ನೋಡಿದ್ರೆ ಅವರು ನಿಲ್ಲಿಸ್ತಿದ್ದದ್ದು ಕಾಗದದಲ್ಲಿ ಸಾಲು ಮುಗಿದಲ್ಲಿ, ಅರ್ಥ ಮುಗಿದಲ್ಲಿ ಅಲ್ಲ! ಅದನ್ನೇ ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿ, ಸಾಲು ಬೇರೆ ಕಡೆ ಮುರಿಯುವ ಹಾಗೆ ಎರಡು ಥರ ಪ್ರಿಂಟ್ ತೆಗೆದು ಓದಿಸಿದೆ. ಎರಡರಲ್ಲೂ ಒಂದೇ ಕಡೆ ನಿಂತ್ರೆ ಅದು ನಿಜವಾದ ನಿಲುಗಡೆ. ಇದು ಕೆಲಸಕ್ಕೆ ಬಂತು, ಸುಮಾರು ಮುಕ್ಕಾಲು ಭಾಗ ಚುಕ್ಕೆ ಇದರಿಂದಲೇ ಸಿಕ್ಕಿತು. ಪುಣೆಯ ಒಬ್ಬ ಧಾರವಾಡದ ಕಡೆಯ ಗೆಳೆಯನ ಹತ್ರವೂ ಓದಿಸಿ ನೋಡಿದೆ, ಅವನು ನಿಲ್ಲಿಸಿದ್ದೇ ಬೇರೆ ಕಡೆ. ಕರಾವಳಿಯ ಕಾಗದಕ್ಕೆ ಕರಾವಳಿಯವರೇ ಆಗ್ಬೇಕು.

ಉಳಿದ ಕಾಲುಭಾಗದಲ್ಲೇ ಇರೋದು ಮಜಾ. ಒಂದು ಕಾಗದದಲ್ಲಿ ಹೀಗಿತ್ತು: 'ಒಕ್ಕಲಿನವ ಡಿಕ್ಲರೇಶನ್ ಕೊಟ್ಟನು ಮೊನ್ನೆ ಮನೆಗೆ ಬಂದ ಅಣ್ಣ ಏನೂ ಹೇಳಲಿಲ್ಲ'. ಭೂಸುಧಾರಣೆಯ ಹೊತ್ತಿನ ಕಾಗದ, 1974ರ ತಿದ್ದುಪಡಿ ಆದ ಮೇಲಿನದ್ದು, ಗೇಣಿ ಒಕ್ಕಲುಗಳು ತಾವು ಉಳುವ ಭೂಮಿ ತಮಗೆ ಆಗ್ಬೇಕು ಅಂತ ಡಿಕ್ಲರೇಶನ್ ಕೊಡ್ತಿದ್ದ ಕಾಲ. ಮನೆಯವರು ಇಷ್ಟು ವರ್ಷ ಓದಿಕೊಂಡು ಬಂದದ್ದು 'ಮೊನ್ನೆ ಮನೆಗೆ ಬಂದ. ಅಣ್ಣ ಏನೂ ಹೇಳಲಿಲ್ಲ.' ಅಂತ, ಅಂದ್ರೆ ಒಕ್ಕಲಿನವ ಅಂಗಳಕ್ಕೇ ಬಂದು ನಿಂತ, ಅಣ್ಣ ಬಾಯಿ ಬಿಡಲಿಲ್ಲ. ಅದರ ಮೇಲೆ ಮನೆಯಲ್ಲಿ ಒಂದು ದೊಡ್ಡ ಕಥೆಯೇ ಉಂಟು. ಇನ್ನೊಂದು ಓದು 'ಕೊಟ್ಟನು. ಮೊನ್ನೆ ಮನೆಗೆ ಬಂದ ಅಣ್ಣ ಏನೂ ಹೇಳಲಿಲ್ಲ.' ಇದರಲ್ಲಿ ಬಂದದ್ದೇ ಅಣ್ಣ, ಒಕ್ಕಲಿನವ ಅಲ್ಲವೇ ಅಲ್ಲ. 'ಮೊನ್ನೆ' ಹಿಂದಕ್ಕೆ ಹೋಗಿ 'ಕೊಟ್ಟನು ಮೊನ್ನೆ' ಅಂತಲೂ ಆಗಬಹುದು. 'ಹೇಳಲಿಲ್ಲ' ಯಾರಿಗೂ ಹೊಂದ್ತದೆ, ಏಕವಚನ ಬಹುವಚನದ ಸುಳಿವೂ ಕೊಡಲ್ಲ.

ಇಂಥಲ್ಲಿ ಯೋಚನೆ ಮಾಡ್ತಾ ಕೂತ್ರೆ ಆಗುವುದಿಲ್ಲ, ಬರೆದವರ ಅಭ್ಯಾಸ ನೋಡ್ಬೇಕು. ನಲವತ್ತೂ ಕಾಗದದಲ್ಲಿ ದೊಡ್ಡಮ್ಮ ವಾಕ್ಯ ಮುಗಿಸುವಾಗ 'ಬಂದನು, ಹೋದನು, ಕೊಟ್ಟನು' ಅಂತ ಶಾಲೆಯಲ್ಲಿ ಕಲಿತ ಹಾಗೆ 'ನು' ಹಾಕಿಯೇ ಬರೀತಾರೆ, ಬಾಯಲ್ಲಿ ಹೇಗೇ ಮಾತಾಡಲಿ. ಬೋಳು 'ಬಂದ' ಎಲ್ಲೆಲ್ಲಿ ಉಂಟೋ ಅಲ್ಲೆಲ್ಲ ಮುಂದೆ ಒಂದು ಹೆಸರು ಬರ್ತದೆ, 'ಬಂದ ಕಾಗದ', 'ಬಂದ ನೆಂಟರು' ಅಂತ. ಹಾಗಾಗಿ ಇಲ್ಲಿ 'ಬಂದ'ದ ಮುಂದೆ ಚುಕ್ಕೆ ಇಡುವ ಹಾಗೇ ಇಲ್ಲ. 'ಮೊನ್ನೆ, ನಾಳೆ, ಈಚೆಗೆ' ಇವನ್ನೂ ಅವರು ಒಂದು ಸಲವೂ ವಾಕ್ಯದ ಬಾಲಕ್ಕೆ ಹಾಕಿಲ್ಲ. ಮನೆಯವರು ಒಪ್ಪಲಿಲ್ಲ, ಹಿರಿಯರೊಬ್ಬರು ಸಿಟ್ಟಲ್ಲಿ 'ನಮ್ಮ ಮನೆ ವಿಷಯ ನಿಮಗೇನ್ರೀ ಗೊತ್ತು' ಅಂದ್ರು, ಅಡ್ವಾನ್ಸ್ ವಾಪಸ್ ಕೇಳುವವರೆಗೆ ಹೋಯ್ತು. ಮುಂದಿನ ಕಾಗದದಲ್ಲಿ 'ಅಣ್ಣ ಬಂದವರು ಎಂಟು ದಿನ ಇದ್ದು ಘಟ್ಟಕ್ಕೆ ಹೋದರು' ಅಂತ ಇತ್ತು, ಅದನ್ನು ತೋರಿಸಿದ ಮೇಲೆ ಸುಮ್ಮನಾದ್ರು.

ಪ್ರಶ್ನೆ ಚಿಹ್ನೆಗೂ ಇದೇ ದಾರಿ. ಅವರು ದೀರ್ಘ ಅರ್ಧಕ್ಕರ್ಧ ಬಿಟ್ಟುಬಿಡ್ತಾರೆ, 'ಹಣ ಮುಟ್ಟಿತ' ಅಂದ್ರೆ 'ಮುಟ್ಟಿತಾ' ಅಂತ ಕೇಳಿದ್ದು. ಮುಟ್ಟಿದೆ ಅಂತ ತಿಳಿಸುವಾಗ 'ಮುಟ್ಟಿತು' ಅಂತಲೇ ಬರೀತಾರೆ. ಕೊಂಬು ಉಂಟೋ ಇಲ್ಲವೋ ನೋಡಿದ್ರೆ ಸಾಕು. ಮಾಸಿದ ಶಾಯಿಯಲ್ಲಿ ಕೊಂಬು ಕಾಣಿಸಿಕೊಳ್ಳುವುದಕ್ಕೆ ನನ್ನ ಹತ್ರ ಟಾರ್ಚಿನದ್ದೊಂದು ಉಪಾಯ ಉಂಟು, ಅದನ್ನು ಹೇಳಿದ್ರೆ ನನ್ನ ಹೊಟ್ಟೆಪಾಡು ಹೋಗ್ತದೆ.

ಪ್ಯಾರಾದಲ್ಲಿ ಮೋಸ ಜಾಸ್ತಿ. 'ಮತ್ತೆ' ಅಂತ ಬಂದಲ್ಲೆಲ್ಲ ಹೊಸ ಪ್ಯಾರಾ ಮಾಡಬೇಡಿ, ಅರ್ಧ ಕಡೆ ಅದು 'ಆಮೇಲೆ' ಅಷ್ಟೇ. ನಾನು ಎರಡು ಗುರುತು ಒಟ್ಟಿಗೆ ಸಿಕ್ಕಿದ್ರೆ ಮಾತ್ರ ಒಡೀತೇನೆ: ವಿಷಯ ಬದಲಾಗ್ಬೇಕು, ಜೊತೆಗೆ 'ಮಗಾ' ಅಂತ ಕರೆದಿರಬೇಕು ಅಥವಾ ಶಾಯಿ, ಅಕ್ಷರದ ಓಟ ಬದಲಾಗಿರಬೇಕು. ಹಾಲು ಕರೆಯಲಿಕ್ಕೆ ಎದ್ದು ಹೋಗಿ ಪುನಃ ಬಂದು ಬರೆದದ್ದು ಅಕ್ಷರದಲ್ಲೇ ಗೊತ್ತಾಗ್ತದೆ. ಮಡಿಕೆಯ ಅಂಚಲ್ಲಿ ಅಡ್ಡಕ್ಕೆ ಬರೆದದ್ದು ಕೊನೆಗೇ ಇರಲಿ, ಸರಿಯಾದ ಜಾಗ ಹುಡುಕಿ ಒಳಗೆ ತುರುಕುವುದು ಬೇಡ.

ಒಂದು ಕಡೆ 'ಮಲ್ಲಿಗೆಗೆ ರೇಟಿಲ್ಲ ದನ ಕೊಟ್ಟೆವು ಮಕ್ಕಳಿಗೆ ಜ್ವರ ಇಳಿಯಿತು' ಅಂತ ಉಂಟು. ದನ ಮಾರಿದ್ದು ದೊಡ್ಡ ಸುದ್ದಿ, ಮನೆಯವರಿಗೆ ಅದನ್ನು ಬೇರೆ ಪ್ಯಾರಾ ಮಾಡ್ಬೇಕು ಅಂತ ಆಸೆ. ನಾನು ಬಿಡಲಿಲ್ಲ. ಆಕೆ ಅದನ್ನು ರೇಟಿನ ಮತ್ತು ಜ್ವರದ ನಡುವೆ ಹಾಕಿದ್ದೇ ಬೊಂಬಾಯಿಯಲ್ಲಿದ್ದ ಮಗನ ಕಣ್ಣಿಗೆ ಬೀಳದಿರಲಿ ಅಂತಲೋ ಏನೋ. ಬೇರೆ ಪ್ಯಾರಾ ಮಾಡಿದ್ರೆ ನಾವು ಒತ್ತಿ ಹೇಳಿದ ಹಾಗೆ, ಅರ್ಥ ಬದಲಾಯ್ತು. ಇದೇ ಕಾರಣಕ್ಕೆ ಆಶ್ಚರ್ಯ ಚಿಹ್ನೆ ಪೂರ್ತಿ ಬಂದ್, ಉದ್ಧರಣ ಚಿಹ್ನೆಯೂ ಬೇಡ, 'ಅಂತ' ಸಾಕು. ಚುಕ್ಕೆ, ಕೊಮಾ, ಪ್ರಶ್ನೆ, ಮೂರೇ. ಎರಡು ಓದೂ ಸರಿ ಅನ್ನಿಸಿದ್ರೆ ಏನೂ ಇಡದೆ ಕೆಳಗೆ ಟಿಪ್ಪಣಿಯಲ್ಲಿ ಎರಡನ್ನೂ ಕೊಡ್ತೇನೆ.

ಅಕ್ಷರ ಮುಟ್ಟಿಲ್ಲ ಅಂತ ಗಿರಾಕಿಗೆ ತೋರಿಸ್ಲಿಕ್ಕೆ, ಸಾಲು ಸಾಲಾಗಿ ಮೊದಲು ಟೈಪ್ ಮಾಡಿದ ಫೈಲು ಒಂದು, ಟಿಪ್ಪಣಿ ಬಿಟ್ಟು ಚುಕ್ಕೆ ಪ್ಯಾರಾ ಮಾತ್ರ ಹಾಕಿದ್ದು ಒಂದು, ಲಿನಕ್ಸ್ ಟರ್ಮಿನಲಲ್ಲಿ ಎರಡರಿಂದಲೂ ಚಿಹ್ನೆ ತೆಗೆದು ಹೋಲಿಸಿ:

```
tr -d '.,?\r\n ' < moola.txt > a
tr -d '.,?\r\n ' < odu.txt > b
cmp a b
```

ಏನೂ ಬರದಿದ್ರೆ ಎರಡೂ ಒಂದೇ. ನೋಡ್ಲಿಕ್ಕೆ ಒಂದೇ ಥರ ಇದ್ದೂ ವ್ಯತ್ಯಾಸ ತೋರಿಸಿದ್ರೆ ಕಣ್ಣಿಗೆ ಕಾಣದ ಜೋಡಣೆ ಚಿಹ್ನೆ ಎಲ್ಲೋ ಕೂತಿರ್ತದೆ, ಎರಡೂ ಫೈಲನ್ನು ಒಂದೇ ಕೀಬೋರ್ಡಲ್ಲಿ ಮಾಡಿದ್ರೆ ಆ ತಲೆಬಿಸಿ ಇಲ್ಲ. ಪದಗಳ ನಡುವಿನ ಜಾಗ ಕೂಡಿಸಿದ್ದು ಒಡೆದದ್ದು ಇದಕ್ಕೆ ಗೊತ್ತಾಗಲ್ಲ, ಅದನ್ನು ಕಣ್ಣಲ್ಲೇ ನೋಡ್ಬೇಕು.

ಇನ್‌ಲ್ಯಾಂಡಿಗೆ ಇನ್ನೂರೈವತ್ತರ ಲೆಕ್ಕದಲ್ಲಿ ಹತ್ತು ಸಾವಿರದ ಆಸುಪಾಸು ಬಂತು, ಟೈಪಿಂಗಿಗೆ ಕಳೆದದ್ದು ಹೋಗಿ ಉಳಿದದ್ದು ಅರ್ಧ. ಈಗ ನಾನೂರು ತಗೊಳ್ತೇನೆ, ಕೊಡ್ತಾರೆ. ಆದ್ರೆ ಒಂದು ಜಾತಿ ಕಾಗದ ಮುಟ್ಟುವುದಿಲ್ಲ, ಅಕ್ಷರ ಬಾರದ ತಾಯಿ ಹೇಳಿ ಪಕ್ಕದ ಮನೆ ಶಾಲೆ ಮಕ್ಕಳು ಬರೆದದ್ದು. ಅದರಲ್ಲಿ ಈ ತಿಂಗಳು 'ಬಂದನು', ಮುಂದಿನ ತಿಂಗಳು 'ಬಂದ', ಯಾರ ಅಭ್ಯಾಸ ಅಂತ ಹಿಡಿಯುವುದು. ಒಂದು ಕಟ್ಟು ಹಾಗೇ ಡ್ರಾಯರಲ್ಲಿ ಉಂಟು, ಮೊದಲು ಕೈಬರಹ ನೋಡಿ ಮಕ್ಕಳನ್ನು ಬೇರೆ ಬೇರೆ ಮಾಡಿ, ಒಬ್ಬೊಬ್ಬರದ್ದು ಒಂದೊಂದು ಕಟ್ಟು ಮಾಡಿ ನೋಡ್ಬೇಕು ಅಂತಿದ್ದೇನೆ.