ಮೂರು ಸಲ ಅಂದಿದ್ದಕ್ಕೆ ಒಂದು ವರ್ಷ ಹೋಯ್ತು: ಮೈಗ್ರೇನ್ ಇಂಜೆಕ್ಷನ್, ನನ್ನ ಅನುಭವ

ನಾನು ಇಂಗ್ಲೆಂಡಿಗೆ ಬಂದು ಹನ್ನೊಂದು ವರ್ಷ ಆಯ್ತು, ಆದ್ರೆ ಮೈಗ್ರೇನ್ ಜೊತೆ ಸಂಸಾರ ಮೈಸೂರಲ್ಲಿ ಪಿಯುಸಿ ಓದೋವಾಗಿಂದಾನೇ ಇದೆ. ಈಗ ಎರಡು ವರ್ಷದಿಂದ ಅದು ಬರದಂಗೆ ತಡೆಯೋ ಗಾಲ್ಕನೆಜುಮ್ಯಾಬ್ ಅನ್ನೋ ಇಂಜೆಕ್ಷನ್ ನಾನೇ ಮನೇಲಿ ಹಾಕ್ಕೋತಿದೀನಿ. ಊರಿಂದ ಇಲ್ಲಿಂದ ಎಲ್ರೂ ಕೇಳ್ತಾರೆ, ಹೆಂಗೆ ಸಿಕ್ತು, ನಮಗೂ ಕೊಡ್ತಾರಾ, ನೋವಾಗುತ್ತಾ ಅಂತ, ಅದಕ್ಕೆ ಒಂದೇ ಸಲ ಬರೆದುಬಿಡ್ತೀನಿ.

ಮೊದಲು ನಾನು ಮಾಡಿದ ಎಡವಟ್ಟು. ಜಿಪಿ, ಅಂದ್ರೆ ಇಲ್ಲಿ ಮೊದಲು ನೋಡೋ ಏರಿಯಾ ಡಾಕ್ಟ್ರ ಹತ್ರ ಹೋದಾಗ ಅವ್ರು ತಿಂಗಳಿಗೆ ಎಷ್ಟು ಬರುತ್ತೆ ಅಂತ ಕೇಳಿದ್ರು, ನಾನು "ಮೂರು, ಹೆಚ್ಚಂದ್ರೆ ನಾಲ್ಕು ಸಲ" ಅಂದೆ. ನಮ್ಮ ಕಡೆ ಹಾಗೇ ಅಲ್ವಾ ಹೇಳೋದು, ಒಂದು ಸಲ ಬಂತು ಅಂದ್ರೆ ಶುರುವಾಗಿ ಮುಗಿಯೋವರೆಗೂ ಒಂದೇ ಲೆಕ್ಕ. ನನಗೆ ಒಂದು ಸಲ ಬಂದ್ರೆ ಮೂರು ದಿನ, ಕೆಲವು ಸಲ ನಾಲ್ಕು ದಿನ ಬಿಡಲ್ಲ. ಆದ್ರೆ ಡಾಕ್ಟ್ರ ಲೆಕ್ಕದಲ್ಲಿ ಇರೋದು ಸಲ ಅಲ್ಲ, ದಿನ. ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಈ ಔಷಧಿ ಕೊಡೋಕೆ ತಿಂಗಳಿಗೆ ಕನಿಷ್ಠ 4 ಮೈಗ್ರೇನ್ ದಿನ ಇರ್ಬೇಕು, ಜೊತೆಗೆ ಬರದಂಗೆ ತಡೆಯೋ ಬೇರೆ 3 ಔಷಧಿ ಟ್ರೈ ಮಾಡಿ ಫೇಲ್ ಆಗಿರ್ಬೇಕು. ನನ್ನ ಫೈಲಲ್ಲಿ "3 ರಿಂದ 4" ಅಂತ ಕೂತ್ಕೊಂಡಿತ್ತು, ಅಷ್ಟಕ್ಕೆ ನ್ಯೂರಾಲಜಿಗೆ ಕಳ್ಸೋದೇ ಬೇಡ ಅಂತ ಒಂದು ವರ್ಷ ಹಂಗೇ ಹೋಯ್ತು.

ಆಮೇಲೆ ಹೊಸ ಜಿಪಿ ಒಬ್ರು ಡೈರಿ ಬರೀರಿ ಅಂದ್ರು. ನಾನೇನೋ ದೊಡ್ಡ ಡೈರಿ ಅಂದ್ಕೊಂಡೆ, ಅಡುಗೆಮನೆ ಕ್ಯಾಲೆಂಡರೇ ಸಾಕಾಯ್ತು. ಮೈಗ್ರೇನ್ ಇದ್ದ ದಿನ ಮ, ಬರೀ ಸಣ್ಣ ತಲೆನೋವು ಇದ್ರೆ ತ, ಮೈಗ್ರೇನ್ ಬಂದಾಗ ತಗೊಳ್ಳೋ ಮಾತ್ರೆ ಸುಮಾಟ್ರಿಪ್ಟಾನ್ ತಗೊಂಡ್ರೆ ಪಕ್ಕದಲ್ಲಿ ಒಂದು ಚುಕ್ಕೆ. ಮಾತ್ರೆ ತಗೊಂಡು ಅರ್ಧ ಗಂಟೇಲಿ ಸರಿಹೋದ ದಿನಾನೂ ಮೈಗ್ರೇನ್ ದಿನಾನೇ ಅಂತ ಕ್ಲಿನಿಕ್ ನರ್ಸ್ ಆಮೇಲೆ ಹೇಳಿದ್ರು, ನಾನು ಅದನ್ನ ಲೆಕ್ಕಕ್ಕೇ ತಗೋತಿರ್ಲಿಲ್ಲ. ಮೂರು ತಿಂಗಳು ಬರೆದ ಮೇಲೆ 12, 14, 13 ಬಂತು. ನನಗೇ ನಂಬಕ್ಕಾಗ್ಲಿಲ್ಲ. ಚುಕ್ಕೆಗಳೂ ಮುಖ್ಯ, ಯಾಕಂದ್ರೆ ಸುಮಾಟ್ರಿಪ್ಟಾನ್ ಥರದ ಟ್ರಿಪ್ಟಾನ್ ಮಾತ್ರೆ ತಿಂಗಳಿಗೆ 10 ದಿನ ಅಥ್ವಾ ಹೆಚ್ಚು ತಗೊಂಡ್ರೆ ಮಾತ್ರೆಯಿಂದಾನೇ ತಲೆನೋವು ಹುಟ್ಕೊಳ್ಳತ್ತೆ, ಪ್ಯಾರಸಿಟಮಾಲ್, ಐಬುಪ್ರೊಫೆನ್‌ಗೆ ಅದು 15 ದಿನ. ನನ್ನದು 8, 9ರಲ್ಲಿ ನಿಂತಿತ್ತು, ಬಚಾವ್.

ಇನ್ನು ಆ ಮೂರು ಔಷಧಿ. ಪ್ರೊಪ್ರನಾಲಾಲ್‌ನಲ್ಲಿ ಕೈಕಾಲು ತಣ್ಣಗೆ, ಮೆಟ್ಟಿಲು ಹತ್ತಿದ್ರೆ ಸುಸ್ತು, ತಲೆನೋವು ಹಂಗೇ. ಅಮಿಟ್ರಿಪ್ಟಿಲಿನ್ ರಾತ್ರಿ ತಗೊಂಡ್ರೆ ಬೆಳಿಗ್ಗೆ ಹನ್ನೊಂದರವರೆಗೂ ಮಂಪರು. ಟೊಪಿರಮೇಟ್ ಇದೆಯಲ್ಲ, ಅದು ಬೇರೇನೇ ಕಥೆ, ಬೆರಳ ತುದಿ ಜುಮ್ ಅನ್ನೋದು, ಮೀಟಿಂಗಲ್ಲಿ ಗೊತ್ತಿರೋ ಪದಾನೇ ಬಾಯಿಗೆ ಬರ್ದೆ ಇರೋದು, ಒಂದಿನ ಗಂಡನ ಹತ್ರ "ಆ ಅದು ಕೊಡಿ" ಅಂತ ಮೂರು ಸಲ ಅಂದೆ, ಲೋಟ ಅನ್ನೋ ಪದ ಮರ್ತೋಗಿತ್ತು. ಯಾವ ಔಷಧಿ, ಎಷ್ಟು ಡೋಸ್, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾಕೆ ಬಿಟ್ಟೆ, ಇಷ್ಟನ್ನ ಒಂದು ಹಾಳೇಲಿ ಬರ್ಕೊಂಡು ಹೋಗಿ. ನ್ಯೂರಾಲಜಿಸ್ಟ್ ನನ್ನ ತಲೆಗಿಂತ ಆ ಹಾಳೇನೇ ಜಾಸ್ತಿ ಹೊತ್ತು ನೋಡಿದ್ರು. ಬಸುರಿಯಾಗೋ ಯೋಚನೆ ಇದೆಯಾ, ಹಾರ್ಟ್ ಅಟ್ಯಾಕ್ ಸ್ಟ್ರೋಕ್ ಏನಾದ್ರೂ ಆಗಿದೆಯಾ ಅಂತ ಕೇಳ್ತಾರೆ, ಇದ್ರೆ ಸಾಮಾನ್ಯವಾಗಿ ಈ ಇಂಜೆಕ್ಷನ್ ಕೊಡಲ್ಲ. ಮೈಯಲ್ಲಿ ಔಷಧಿ ಅರ್ಧ ಆಗೋಕೇ ಹತ್ತಿರ ಹತ್ತಿರ 27 ದಿನ ಬೇಕು, ಪೂರ್ತಿ ಮೈಯಿಂದ ಹೋಗೋಕೆ ಐದು ತಿಂಗಳು, ಇವತ್ತು ನಿಲ್ಸಿ ನಾಳೆ ಮಗು ಅನ್ನೋ ಹಂಗಿಲ್ಲ.

ಕೆಲಸ ಮಾಡೋ ರೀತಿ ಡಾಕ್ಟ್ರು ಹೇಳಿದ್ದು ಹೀಗೆ: ಮೈಗ್ರೇನ್ ಬಂದಾಗ ಮುಖ ತಲೆಯ ನರದಿಂದ ಸಿಜಿಆರ್‌ಪಿ ಅನ್ನೋ ಸಣ್ಣ ಪ್ರೋಟೀನ್ ಹೊರಗೆ ಬಂದು ನೋವಿನ ಸುದ್ದಿ ಹರಡುತ್ತೆ, ಗಾಲ್ಕನೆಜುಮ್ಯಾಬ್ ಅದನ್ನ ದಾರೀಲೇ ಹಿಡ್ಕೊಳ್ಳುತ್ತೆ. ಎರೆನುಮ್ಯಾಬ್ ಅಂತ ಇನ್ನೊಂದಿದೆ, ಅದು ಪ್ರೋಟೀನ್ ಹೋಗಿ ಕೂರೋ ಜಾಗಾನೇ ಮುಚ್ಚುತ್ತೆ. ಬೆಂಗಳೂರಲ್ಲಿರೋ ನಮ್ಮ ಚಿಕ್ಕಮ್ಮನ ಮಗಳು ಅದನ್ನ ಕೈಯಿಂದ ದುಡ್ಡು ಹಾಕಿ ತಗೋತಾಳೆ, ತಲೆನೋವು ಕಮ್ಮಿ ಆಯ್ತಕ್ಕ ಆದ್ರೆ ಮಲಬದ್ಧತೆ ಸಾಯ್ಸುತ್ತೆ ಅಂತಾಳೆ. ಅದು ಎರೆನುಮ್ಯಾಬ್‌ನಲ್ಲಿ ಗೊತ್ತಿರೋ ತೊಂದರೇನೇ.

ಮೊದಲ ದಿನ 240 ಮಿಗ್ರಾಂ, ಅಂದ್ರೆ ಎರಡು ಪೆನ್ನು, ಆಮೇಲೆ ತಿಂಗಳಿಗೊಂದು 120. ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಹೊರಗಿಡ್ಬೇಕು, ತಣ್ಣಗಿದ್ರೆ ಉರಿ ಜಾಸ್ತಿ, ಬಿಸಿನೀರಲ್ಲಿ ಗಿಸಿನೀರಲ್ಲಿ ಇಟ್ಟು ಅವಸರ ಮಾಡ್ಬಾರ್ದು. ಹೊಟ್ಟೆಗೆ ಹಾಕೋದಾದ್ರೆ ಹೊಕ್ಕಳಿಂದ 5 ಸೆಂಟಿಮೀಟರ್ ದೂರ, ಇಲ್ಲಾಂದ್ರೆ ತೊಡೆ. ಕೆಳಗಿನ ಮುಚ್ಚಳ ತೆಗೆದು, ಚರ್ಮದ ಮೇಲೆ ಪೆನ್ ನೆಟ್ಟಗೆ ಒತ್ತಿ ಇಟ್ಟು, ಲಾಕ್ ತಿರುಗ್ಸಿ, ಗುಂಡಿ ಒತ್ತಿ. ಜೋರಾಗಿ ಒಂದು ಕ್ಲಿಕ್ ಬರುತ್ತೆ. ಅಲ್ಲಿಗೆ ಮುಗೀತು ಅಂತ ಎತ್ತಿಬಿಡ್ತಾರೆ, ಔಷಧಿ ಚರ್ಮದ ಮೇಲೆ ಹರಿಯುತ್ತೆ. ಹತ್ತು ಸೆಕೆಂಡ್ ಒಳಗೆ ಎರಡನೇ ಕ್ಲಿಕ್ ಬರುತ್ತೆ, ಅದಾದ ಮೇಲೇ ಎತ್ಬೇಕು, ಒಳಗೆ ಬೂದು ಬಣ್ಣದ ಕಡ್ಡಿ ಕಾಣ್ಸಿದ್ರೆ ಪೂರ್ತಿ ಹೋಗಿದೆ ಅಂತ. ಸುಳ್ಳು ಯಾಕೆ ಹೇಳ್ಲಿ, ಆ ಹತ್ತು ಸೆಕೆಂಡ್ ಚೆನ್ನಾಗೇ ಉರಿಯುತ್ತೆ. ಮಾರನೇ ದಿನ ತೊಡೇಲಿ ನಿಪ್ಪಟ್ಟಿನಷ್ಟಗಲ ಕೆಂಪಾಗಿ ನಾಲ್ಕು ದಿನ ತುರಿಕೆ ಇತ್ತು, ತಾನೇ ಹೋಯ್ತು. ಮುಖ ಊದ್ಕೊಂಡ್ರೆ, ಉಸಿರು ಕಟ್ಟಿದ್ರೆ ಮಾತ್ರ ಕಾಯೋ ವಿಷ್ಯ ಅಲ್ಲ, ಆಂಬುಲೆನ್ಸ್ ಕರೀಬೇಕು.

ಮೊದಲ ವಾರದಲ್ಲೇ ಒಂದು ಜೋರು ಅಟ್ಯಾಕ್ ಬಂತು, ಎಲ್ಲಾ ವೇಸ್ಟ್ ಅಂದ್ಕೊಂಡು ಅತ್ತೂಬಿಟ್ಟೆ. ಆದ್ರೆ ಕ್ಯಾಲೆಂಡರ್ ಬೇರೇನೇ ಹೇಳ್ತು: ಮೊದಲ ತಿಂಗಳು 10, ಎರಡನೇದು 8, ಮೂರನೇದು 6. 12 ವಾರಕ್ಕೆ ಕೂತು ನೋಡ್ತಾರೆ, ನನ್ನಂಥೋರಿಗೆ ಅರ್ಧಕ್ಕರ್ಧ ಕಮ್ಮಿ ಆಗಿರ್ಬೇಕು, ಇಲ್ಲಾಂದ್ರೆ ನಿಲ್ಲಿಸ್ತಾರೆ. ತಿಂಗಳಲ್ಲಿ 15 ದಿನಕ್ಕಿಂತ ಕಮ್ಮಿ ತಲೆನೋವು ಇರೋರಿಗೆ ಈ ಲೆಕ್ಕ, 15 ಅಥ್ವಾ ಅದಕ್ಕಿಂತ ಹೆಚ್ಚಿರೋ ಕ್ರಾನಿಕ್ ಕೇಸ್‌ಗೆ ಶೇ 30 ಸಾಕು. 13 ಇದ್ದದ್ದು 6, ಪಾಸ್. ಅಂದ್ರೆ ಡೈರಿ ಮೊದಲು ಬರೀದೇ ಇದ್ದಿದ್ರೆ ಎಷ್ಟರಿಂದ ಇಳೀತು ಅಂತ ತೋರ್ಸೋಕೇ ಆಗ್ತಿರ್ಲಿಲ್ಲ. ಇನ್ನೊಂದು, ಬಂದ ಮೈಗ್ರೇನೂ ಮೊದಲಿನ ಹಾಗಲ್ಲ, ಒಂದು ಸುಮಾಟ್ರಿಪ್ಟಾನ್‌ಗೆ ಬಗ್ಗುತ್ತೆ. ಮುಂದಿನ ಡೋಸ್‌ಗೆ ಐದಾರು ದಿನ ಇರೋವಾಗ ಮಾತ್ರ ಸ್ವಲ್ಪ ತಲೆ ಎತ್ತುತ್ತೆ, ಆ ವಾರ ನಾನು ರಾತ್ರಿ ಪ್ರಯಾಣ ಇಟ್ಕೊಳ್ಳಲ್ಲ.

ಒಂದು ಪೆನ್ ಹಾಳಾಗಿದ್ದೂ ಇದೆ. ಫ್ರಿಜ್ ಹಿಂದಿನ ಗೋಡೆಗೆ ಒತ್ತಿ ಇಟ್ಟಿದ್ದೆ, ಗಟ್ಟಿಯಾಗಿತ್ತು. ಕರಗಿಸಿ ಹಾಕ್ಕೊಳ್ಳೋ ಹಾಗಿಲ್ಲ, ಬಿಸಾಡ್ಲೇಬೇಕು. ಈಗ ನಡು ತಟ್ಟೇಲಿ ಮೊಸರಿನ ಡಬ್ಬಿ ಪಕ್ಕ. ಮೈಸೂರಿಗೆ ಹೋಗುವಾಗ ಕೂಲ್ ಬ್ಯಾಗಲ್ಲಿ ಕೈಚೀಲದಲ್ಲೇ, ಲಗೇಜಲ್ಲಿ ಹಾಕಲ್ಲ. ಹೊರಗಿದ್ರೆ 30 ಡಿಗ್ರಿ ಒಳಗೆ 7 ದಿನ ಅಷ್ಟೇ, ಏಪ್ರಿಲ್‌ನಲ್ಲಿ ಅಮ್ಮನ ಮನೆ ಶೋಕೇಸ್ ಮೇಲೆ ಇಟ್ರೆ ಅಷ್ಟೂ ತಡೆಯಲ್ಲ.

ಒಂದೂವರೆ ವರ್ಷಕ್ಕೆ ನಿಲ್ಸಿ ನೋಡೋಣ ಅಂದ್ರು. ಮೊದಲ ತಿಂಗಳು 5, ಎರಡನೇದು 7, ನಾನು ವಾಸಿಯಾಯ್ತೇನೋ ಅಂತ ಅಮ್ಮಂಗೆ ಹೇಳೂ ಬಿಟ್ಟಿದ್ದೆ. ಮೂರನೇ ತಿಂಗಳು 11. ಕ್ಯಾಲೆಂಡರ್ ಫೋಟೋ ತೆಗ್ದು ನರ್ಸ್‌ಗೆ ಕಳ್ಸಿದೆ, ಮತ್ತೆ ಶುರು ಮಾಡಿದ್ರು.