ತೂಕ ಕುಣಿಸುತ್ತಿದ್ದ ಎರಡನೇ ಅರ್ತ್: ನನ್ನ ಅನುಭವ

ಸಿಗ್ನಲ್ ಕೇಬಲ್ ಒಳಗೆ ತಂತಿಗಳನ್ನು ಸುತ್ತಿರುವ ಲೋಹದ ಹೊದಿಕೆ, ಅಂದರೆ ಶೀಲ್ಡನ್ನು, ಒಂದೇ ತುದಿಯಲ್ಲಿ ಅರ್ತ್ ಮಾಡಬೇಕು ಅಂತ ಪ್ಯಾನೆಲ್ ಕಟ್ಟುವ ಎಲ್ಲರೂ ಬಾಯಿಪಾಠ ಒಪ್ಪಿಸ್ತಾರೆ. ನಾನೂ ಹಾಗೇ ಮಾಡಿದ್ದೆ. ಆದರೂ ತೂಕದ ಅಂಕಿ ಕುಣಿಯುತ್ತಿತ್ತು. "ನಿಮ್ಮ ಪುಸ್ತಕದ ಮಾತು ಫೀಲ್ಡ್‌ನಲ್ಲಿ ನಡೆಯಲ್ಲ ಸಾರ್" ಅಂತ ಅಲ್ಲಿನ ಎಲೆಕ್ಟ್ರಿಷಿಯನ್ ನಕ್ಕಿದ್ದರು. ಮೂರು ತಿಂಗಳಾದ ಮೇಲೆ ಅದೇ ಮಾತು ನಡೆಯಿತು. ನಡುವೆ ಎಷ್ಟು ದುಡ್ಡು ಹೋಯಿತು, ಎಲ್ಲಿ ಎಡವಿದೆ ಅನ್ನೋದನ್ನು ಬರೆಯುತ್ತೇನೆ.

ಜಾಗ ತುಮಕೂರು ಕಡೆಯ ಒಂದು ಪಶು ಆಹಾರ ಘಟಕ. ತೂಕ ಅಳೆಯುವ ನಾಲ್ಕು ಲೋಡ್ ಸೆಲ್ ಮೇಲೆ ಕೂತ ಬ್ಯಾಚಿಂಗ್ ಹಾಪರ್. ಸೆಲ್ ತಲಾ 1 ಟನ್, 2 mV/V, ಅಂದರೆ ಕೊಟ್ಟ ಪ್ರತಿ ವೋಲ್ಟ್‌ಗೆ ಪೂರ್ತಿ ತೂಕದಲ್ಲಿ 2 ಮಿಲಿವೋಲ್ಟ್. ತೂಕ ತೋರಿಸುವ ಇಂಡಿಕೇಟರ್ ಅವುಗಳಿಗೆ ಕೊಡೋದು 5 ವೋಲ್ಟ್. ಹಾಪರ್ ಪಕ್ಕದ ಜಂಕ್ಷನ್ ಬಾಕ್ಸ್‌ನಿಂದ ನನ್ನ ಪ್ಯಾನೆಲ್‌ಗೆ ಸುಮಾರು 60 ಮೀಟರ್ ಕೇಬಲ್. ಹ್ಯಾಮರ್ ಮಿಲ್ ನಿಂತಿದ್ದಾಗ ತೂಕ ಕಲ್ಲಿನ ಹಾಗೆ ಕೂರುತ್ತಿತ್ತು. ಮಿಲ್‌ನ 75 ಎಚ್‌ಪಿ ಮೋಟರ್ ತನ್ನ ವೇಗ ನಿಯಂತ್ರಿಸುವ ಡ್ರೈವ್ ಮೇಲೆ ಏರಿತೋ, ತೂಕ ಹತ್ತು ಹನ್ನೆರಡು ಕಿಲೋ ಆಚೀಚೆ ಆಗುತ್ತಿತ್ತು. ಜೋಳ ಹಾಕುವಾಗ ಹತ್ತು ಕಿಲೋ ಯಾರೂ ಕೇಳಲ್ಲ. ಮಿನರಲ್ ಮಿಕ್ಸ್ ಹಾಕುವಾಗ ಬ್ಯಾಚೇ ಹಾಳು.

ಲೆಕ್ಕ ಹಾಕಿ ನೋಡಿ. ನಾಲ್ಕು ಟನ್‌ಗೆ ಬರೋದು ಬರೀ 10 ಮಿಲಿವೋಲ್ಟ್. ಅಂದರೆ ಒಂದು ಕಿಲೋಗೆ 2.5 ಮೈಕ್ರೋವೋಲ್ಟ್. ಇಷ್ಟು ಸಣ್ಣ ಸಿಗ್ನಲ್ ಪಕ್ಕದಲ್ಲಿ ಶೀಲ್ಡ್‌ನೊಳಗೆ ಕರೆಂಟ್ ಹರಿದರೆ ಏನಾಗುತ್ತೆ ಅಂತ ನಾನು ಮೊದಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ, ಯಾಕಂದರೆ ಶೀಲ್ಡ್ ಒಂದೇ ಕಡೆ ಅರ್ತ್ ಆಗಿದೆ ಅಂತ ನಂಬಿದ್ದೆ.

ಮೊದಲು ಮಾಡಿದ್ದು ಇಂಡಿಕೇಟರ್‌ನ ಫಿಲ್ಟರ್ ಏರಿಸೋದು. ದುಡ್ಡು ಖರ್ಚಿಲ್ಲದ ಕೆಲಸ, ಎಲ್ಲರೂ ಅಲ್ಲಿಂದಲೇ ಶುರು ಮಾಡೋದು. ಅಂಕಿ ಸುಮ್ಮನಾಯಿತು. ಆದರೆ ತೂಕ ತೋರಿಸೋದು ಎರಡು ಮೂರು ಸೆಕೆಂಡ್ ತಡವಾಯಿತು. ಗೇಟ್ ಮುಚ್ಚುವಷ್ಟರಲ್ಲಿ ಇಪ್ಪತ್ತು ಕಿಲೋ ಜಾಸ್ತಿ ಬಿದ್ದಿರುತ್ತಿತ್ತು. ವಾಪಸ್ ಇಳಿಸಿದೆ.

ಆಮೇಲೆ ಐಸೊಲೇಟರ್. ಇಂಡಿಕೇಟರ್‌ನಿಂದ ಬ್ಯಾಚಿಂಗ್ ನಡೆಸುವ ಪಿಎಲ್‌ಸಿಗೆ ಹೋಗುವ 4-20 ಮಿಲಿಆಂಪ್ ಲೈನ್‌ನಲ್ಲಿ ಒಂದು ಸಿಗ್ನಲ್ ಐಸೊಲೇಟರ್ ಕೂರಿಸಿದೆ. ಮೂರು ಸಾವಿರದ ಚಿಲ್ಲರೆ. ಏನೂ ಬದಲಾಗಲಿಲ್ಲ. ಆಗಬೇಕಾಗಿಯೂ ಇರಲಿಲ್ಲ ಅಲ್ವಾ? ಇಂಡಿಕೇಟರ್ ಮುಖದ ಮೇಲೆಯೇ ಅಂಕಿ ಕುಣಿಯುತ್ತಿದೆ. ಕೊಳಕು ನೀರು ಟ್ಯಾಂಕ್‌ಗೇ ಬರುತ್ತಿರುವಾಗ ನಲ್ಲಿಗೆ ಬಟ್ಟೆ ಕಟ್ಟಿದ ಹಾಗಾಯಿತು. ಈಗ ಬರೆಯುವಾಗ ನಾಚಿಕೆ ಆಗುತ್ತೆ.

ಮೂರನೆಯದು ದೊಡ್ಡ ಪೆಟ್ಟು. ಒಬ್ಬರು ಬಂದು "ಇನ್‌ಸ್ಟ್ರುಮೆಂಟ್‌ಗೆ ಬೇರೆ ಅರ್ತ್ ಪಿಟ್ ಬೇಕು, ಪವರ್ ಅರ್ತ್ ಕೊಳಕು" ಅಂದರು. ಮಾಲೀಕರು ಒಪ್ಪಿದರು. ಕೆಮಿಕಲ್ ಎಲೆಕ್ಟ್ರೋಡ್, ಗುಂಡಿ, ಕೂಲಿ, ತಾಮ್ರದ ತಂತಿ ಎಲ್ಲ ಸೇರಿ 22 ಸಾವಿರದ ಹತ್ತಿರ. ಪ್ಯಾನೆಲ್‌ನ ಇನ್‌ಸ್ಟ್ರುಮೆಂಟ್ ಅರ್ತ್ ಬಾರನ್ನು ಮುಖ್ಯ ಅರ್ತ್‌ನಿಂದ ಬಿಡಿಸಿ ಆ ಪಿಟ್‌ಗೆ ಕೊಟ್ಟೆವು. ಮಿಲ್ ಶುರು ಮಾಡಿದರೆ ಹತ್ತು ಕಿಲೋ ಇದ್ದದ್ದು ಹದಿನೆಂಟು ಆಯಿತು! ಮಾಲೀಕರು ನನ್ನ ಮುಖ ನೋಡಿದರು. ನಾನು ಗುಂಡಿ ನೋಡಿದೆ.

ನಿಜ ಹೇಳಬೇಕಂದರೆ, ದಾರಿ ತೋರಿಸಿದ್ದು ಆ ಹದಿನೆಂಟೇ. ಶೀಲ್ಡ್ ನಿಜವಾಗಿ ಒಂದೇ ಕಡೆ ಕಟ್ಟಿದ್ದರೆ, ಅರ್ತ್ ಬದಲಾಯಿಸಿದ್ದಕ್ಕೆ ತೂಕ ಇಷ್ಟು ಬದಲಾಗಬಾರದು. ಬದಲಾಯಿತು ಅಂದರೆ ಇನ್ನೊಂದು ತುದಿಯೂ ಎಲ್ಲೋ ಮಣ್ಣು ಮುಟ್ಟಿದೆ. ಹೊಸ ಪಿಟ್ ದೂರದಲ್ಲಿದ್ದ ಕಾರಣ ಎರಡು ಅರ್ತ್‌ಗಳ ನಡುವಿನ ವೋಲ್ಟೇಜ್ ಇನ್ನೂ ಜಾಸ್ತಿ ಆಗಿತ್ತು, ಅಷ್ಟೆ. ಬಾರನ್ನು ವಾಪಸ್ ಮುಖ್ಯ ಅರ್ತ್‌ಗೇ ಕೊಟ್ಟೆ.

ಒಂದು ಭಾನುವಾರ ಹೋದೆ. ಪ್ಯಾನೆಲ್‌ನಲ್ಲಿ ಲೋಡ್ ಸೆಲ್ ಕೇಬಲ್‌ನ ಡ್ರೈನ್ ವೈರ್, ಅಂದರೆ ಶೀಲ್ಡ್ ಜೊತೆಗೇ ಸಾಗುವ ಬರಿ ತಂತಿ, ಅರ್ತ್ ಬಾರ್‌ಗೆ ಹೋಗುವ ಕಡೆ ಸಣ್ಣ ಕರೆಂಟ್ ಅಳೆಯುವ ಲೀಕೇಜ್ ಕ್ಲ್ಯಾಂಪ್ ಹಾಕಿದೆ. ಮಿಲ್ ಓಡುವಾಗ 400 ಮಿಲಿಆಂಪ್ ಆಸುಪಾಸು. ಶೀಲ್ಡ್‌ನಲ್ಲಿ! ಅಲ್ಲಿ ಮೈಕ್ರೋಆಂಪ್ ಇರಬೇಕು. ಡ್ರೈನ್ ವೈರ್ ಬಿಚ್ಚಿ, ಅದಕ್ಕೂ ಬಾರ್‌ಗೂ ನಡುವೆ ಎಸಿ ವೋಲ್ಟ್ ನೋಡಿದೆ. ಮಿಲ್ ಓಡುವಾಗ 1.4, ನಿಂತಾಗ 0.2 ಸುಮಾರು. ಡ್ರೈನ್ ವೈರ್ ಅರ್ಧ ಚದರ ಮಿಲಿಮೀಟರ್‌ದು, 60 ಮೀಟರ್‌ಗೆ ಎರಡು ಓಮ್ ಚಿಲ್ಲರೆ. ಹಾಪರ್ ಕಡೆಯ ಅರ್ತ್‌ಗೂ ಪ್ಯಾನೆಲ್ ಕಡೆಯ ಅರ್ತ್‌ಗೂ ಇರುವ ಒಂದೂಕಾಲು ಒಂದೂವರೆ ವೋಲ್ಟನ್ನು ನನ್ನ ಶೀಲ್ಡ್ ಹೊತ್ತುಕೊಂಡು ಹೋಗುತ್ತಿತ್ತು. ಎರಡು ಕೆರೆಯ ನಡುವೆ ಕಾಲುವೆ ತೋಡಿದರೆ ನೀರು ಹರಿಯದೆ ಇರುತ್ತಾ? ಆ 1.4 ವೋಲ್ಟ್‌ನಲ್ಲಿ ಐದೂವರೆ ಲಕ್ಷದಲ್ಲಿ ಒಂದು ಭಾಗ ಸಿಗ್ನಲ್ ಜೋಡಿಗೆ ಸೋರಿದರೂ ಒಂದು ಕಿಲೋ ಬಂತು. ಡ್ರೈವ್‌ನಿಂದ ಬರುವ ಕರೆಂಟ್ ಶುದ್ಧ 50 ಹರ್ಟ್ಸ್ ಅಲ್ಲ, ಹಾಗಾಗಿ ಫಿಲ್ಟರ್ ಪೂರ್ತಿ ನುಂಗಲ್ಲ.

ಡ್ರೈನ್ ಬಿಚ್ಚಿಟ್ಟೇ, ಮಿಲ್ ನಿಲ್ಲಿಸಿ, ಅದರಿಂದ ಅರ್ತ್‌ಗೆ ಓಮ್ ನೋಡಿದೆ. OL, ಅಂದರೆ ಎಲ್ಲೂ ತಾಗಿಲ್ಲ ಅಂತ ಬರಬೇಕಿತ್ತು. ಮೂರೂವರೆ ಓಮ್ ಬಂತು.

ಏಣಿ ಹತ್ತಿ ಜಂಕ್ಷನ್ ಬಾಕ್ಸ್ ತೆಗೆದೆ. ಸ್ಟೀಲ್ ಬಾಕ್ಸ್, ಒಳಗೆಲ್ಲ ಹಿಂಡಿಯ ಧೂಳು. ನಾಲ್ಕು ಸೆಲ್‌ಗಳ ಡ್ರೈನ್ ವೈರ್, ಮುಖ್ಯ ಕೇಬಲ್‌ನ ಡ್ರೈನ್, ಐದನ್ನೂ ಹೊಸೆದು ಬಾಡಿಯ ಸ್ಕ್ರೂ ಕೆಳಗೆ ಕಟ್ಟಿದ್ದರು. ಅಚ್ಚುಕಟ್ಟಾಗಿ, ಲಗ್ ಹಾಕಿ. ಹಳೆ ಎಲೆಕ್ಟ್ರಿಷಿಯನ್ ಅಣ್ಣನ ಕೈಕೆಲಸ. "ಎರಡೂ ಕಡೆ ಇದ್ರೆ ಇನ್ನೂ ಗಟ್ಟಿ ಅಲ್ವಾ ಸಾರ್?" ಅಂದರು. ಪವರ್ ಅರ್ತ್‌ಗೆ ಅದು ಸರಿ, ಹಾಗಾಗಿ ಅವರನ್ನು ಬೈಯಲು ಮನಸ್ಸಾಗಲಿಲ್ಲ. ಬಾಕ್ಸ್ ತೆಗೆದು ನೋಡದೆ ಚಾಲೂ ಮಾಡಿಕೊಟ್ಟಿದ್ದು ನಾನು.

ಸ್ಕ್ರೂ ಬಿಚ್ಚಿದೆ. ಮೀಟರ್ ನೋಡಿದೆ. ಇನ್ನೂ ಮೂರೂವರೆ ಓಮ್!

ಇಲ್ಲೇ ತುಂಬಾ ಜನ ಕೈ ಬಿಡೋದು. "ಬಿಚ್ಚಿ ನೋಡಿದ್ವಿ, ವ್ಯತ್ಯಾಸ ಇಲ್ಲ" ಅಂತಾರೆ. ಹೊಸೆದ ಡ್ರೈನ್‌ಗಳನ್ನು ಬಿಡಿಸಿ ಒಂದೊಂದಾಗಿ ಎತ್ತಿದೆ. ಒಂದನೇ ಸೆಲ್, ಎರಡನೇ ಸೆಲ್, ಏನೂ ಆಗಲಿಲ್ಲ. ಮೂರನೆಯದು ಎತ್ತಿದಾಗ ಓಮ್ ಸ್ವಲ್ಪವೇ ಏರಿತು. ನಾಲ್ಕನೆಯದು ಎತ್ತಿದ ಕೂಡಲೇ ಮೀಟರ್‌ನಲ್ಲಿ OL.

ಮೂರು, ನಾಲ್ಕು ಹಳೇ ಸೆಲ್‌ಗಳು. ಒಂದು, ಎರಡು ಆಮೇಲೆ ಬದಲಾಯಿಸಿದವು, ಬೇರೆ ಮೇಕ್. ಕೆಲವು ಮೇಕ್‌ಗಳಲ್ಲಿ ಕೇಬಲ್ ಶೀಲ್ಡನ್ನು ಸೆಲ್ ಬಾಡಿಗೇ ಒಳಗೆ ಸೇರಿಸಿರುತ್ತಾರೆ. ಸೆಲ್ ಬಾಡಿ ಸ್ಟ್ರಕ್ಚರ್ ಮೇಲೆ, ಸ್ಟ್ರಕ್ಚರ್ ಮಣ್ಣಿನಲ್ಲಿ. ಕಣ್ಣಿಗೆ ಕಾಣುವ ಅರ್ತ್ ತೆಗೆದರೂ ಕಾಣದ ಅರ್ತ್ ಉಳಿಯಿತು. ಹೊಸ ಸೆಲ್ ಹಾಕುವ ಮೊದಲು ಮೇಜಿನ ಮೇಲೆ ಇಟ್ಟು ಶೀಲ್ಡ್‌ನಿಂದ ಬಾಡಿಗೆ ಬಝರ್ ಹೊಡೆದು ನೋಡೋದು ಅರ್ಧ ನಿಮಿಷದ ಕೆಲಸ. ಹೈ ವೋಲ್ಟೇಜ್ ಕೊಟ್ಟು ಇನ್ಸುಲೇಶನ್ ನೋಡುವ ಮೆಗ್ಗರ್ ಮಾತ್ರ ಹಚ್ಚಬೇಡಿ. ಸೆಲ್ ಒಳಗಿನ ಗೇಜ್ 500 ವೋಲ್ಟ್ ತಡೆಯಲ್ಲ. ನನ್ನ ಸ್ನೇಹಿತನೊಬ್ಬ ಹೀಗೆ ಎರಡು ಸೆಲ್ ಸುಟ್ಟು, ಅದರ ದುಡ್ಡು ಕೈಯಿಂದ ಕಟ್ಟಿದ.

ಸರಿಪಡಿಸಿದ್ದು ಹೀಗೆ. ಹಳೇ ಎರಡು ಸೆಲ್‌ಗಳ ಶೀಲ್ಡ್ ಬಾಡಿಯಲ್ಲೇ ಅರ್ತ್ ಆಗಿದೆ, ಅದನ್ನು ಹಾಗೇ ಬಿಟ್ಟೆ. ಜಂಕ್ಷನ್ ಬಾಕ್ಸ್‌ನಲ್ಲಿ ಅವುಗಳ ಡ್ರೈನ್ ಕತ್ತರಿಸಿ ಸ್ಲೀವ್ ಹಾಕಿ ಮುಚ್ಚಿದೆ. ಹೊಸ ಎರಡು ಸೆಲ್‌ಗಳ ಡ್ರೈನನ್ನು ಬಾಡಿ ಮುಟ್ಟದ ಒಂದು ಟರ್ಮಿನಲ್‌ನಲ್ಲಿ ಮುಖ್ಯ ಕೇಬಲ್ ಡ್ರೈನ್‌ಗೆ ಸೇರಿಸಿದೆ. ಮುಖ್ಯ ಕೇಬಲ್ ಅರ್ತ್ ಆಗೋದು ಪ್ಯಾನೆಲ್‌ನಲ್ಲಿ ಮಾತ್ರ, ಯಾಕಂದರೆ ಸಿಗ್ನಲ್ ಅಳೆಯುವ ಇಂಡಿಕೇಟರ್‌ನ ಸೊನ್ನೆ ಅಲ್ಲಿದೆ. ಹೀಗೆ ಪ್ರತಿ ತುಂಡು ಶೀಲ್ಡ್‌ಗೂ ಒಂದೇ ಅರ್ತ್. ಸುತ್ತಲಿಂದ ಅಂಟುವ ಗದ್ದಲ ಇಳಿದು ಹೋಗಲು ಒಂದು ದಾರಿ ಸಾಕು. ಎರಡನೇ ದಾರಿ ಬೇರೆಯವರ ಕರೆಂಟ್‌ಗೆ ರಸ್ತೆ ಆಗುತ್ತೆ. ಕೇಬಲ್ ಬಾಕ್ಸ್ ಒಳಗೆ ಬರುವ ಗ್ಲ್ಯಾಂಡ್ ಹತ್ತಿರ ಶೀಲ್ಡ್‌ನ ಫಾಯಿಲ್ ಅಂಚು ಬಾಡಿಗೆ ತಾಗದಂತೆ ನಾನು ಮುಚ್ಚುವ ರೀತಿ ಒಂದಿದೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯಲ್ಲ.

ಖರ್ಚು? ಹೀಟ್ ಶ್ರಿಂಕ್ ಸ್ಲೀವ್, ಟರ್ಮಿನಲ್ ಸೇರಿ ಇನ್ನೂರು ರೂಪಾಯಿ ಒಳಗೆ. ಡಿಜಿಟಲ್ ಜಂಕ್ಷನ್ ಬಾಕ್ಸ್ ಹಾಕಿ ಅಂತ ಒಬ್ಬರು ಕೊಟ್ಟಿದ್ದ 38 ಸಾವಿರದ ಕೊಟೇಶನ್ ಮಾಲೀಕರ ಮೇಜಿನ ಮೇಲೆ ಇನ್ನೂ ಇತ್ತು. ಮಿಲ್ ಶುರು ಮಾಡಿಸಿದೆ. ಡ್ರೈನ್‌ನಲ್ಲಿ ಕ್ಲ್ಯಾಂಪ್ ಸೊನ್ನೆ ತೋರಿಸಿತು. ತೂಕ ಎರಡು ಕಿಲೋ ಒಳಗೆ ನಿಂತಿತು. ಎಲೆಕ್ಟ್ರಿಷಿಯನ್ ಅಣ್ಣ ಮಿಲ್ ಎರಡು ಸಲ ನಿಲ್ಲಿಸಿ ಶುರು ಮಾಡಿ ನೋಡಿದರು. ಆಮೇಲೆ ಟೀ ತರಿಸಿದರು.

ಉಳಿದ ಎರಡು ಕಿಲೋ ನನ್ನ ನಿದ್ದೆ ಕೆಡಿಸಿತು. ಕೇಬಲ್ ಟ್ರೇ ನೋಡುತ್ತಾ ಹೋದರೆ ಡ್ರೈವ್‌ನಿಂದ ಮೋಟರ್‌ಗೆ ಹೋಗುವ ಕೇಬಲ್‌ಗೆ ಒರಗಿಕೊಂಡೇ ಲೋಡ್ ಸೆಲ್ ಕೇಬಲ್ ಹತ್ತು ಹನ್ನೆರಡು ಮೀಟರ್ ಹೋಗಿತ್ತು. ಒಂದಡಿ ದೂರ ಸರಿಸಿದೆ. ಅಷ್ಟೇ ಅಲ್ಲ, ಯಾರೋ ಅತಿ ಬುದ್ಧಿವಂತರು ಆ ಮೋಟರ್ ಕೇಬಲ್‌ನ ಶೀಲ್ಡನ್ನೂ ಒಂದೇ ಕಡೆ ಕಟ್ಟಿದ್ದರು! ಒಂದೇ ತುದಿ ಅನ್ನೋದು ಮಿಲಿವೋಲ್ಟ್, ಮಿಲಿಆಂಪ್ ಸಿಗ್ನಲ್‌ಗಳ ಮಾತು. ಡ್ರೈವ್‌ನ ಮೋಟರ್ ಕೇಬಲ್‌ನಲ್ಲಿ ಹೈ ಫ್ರೀಕ್ವೆನ್ಸಿ ಕರೆಂಟ್ ಶೀಲ್ಡ್ ಮೂಲಕವೇ ಡ್ರೈವ್‌ಗೆ ವಾಪಸ್ ಬರಬೇಕು. ಅದಕ್ಕೆ ಎರಡೂ ತುದಿ ಬೇಕು, ಅದೂ ಬಾಲದ ಹಾಗೆ ಉದ್ದ ತಂತಿಯಲ್ಲಲ್ಲ, ಸುತ್ತಲೂ ಹಿಡಿಯುವ ಕ್ಲ್ಯಾಂಪ್‌ನಲ್ಲಿ. ಕೇಬಲ್ ಮೇಲಿನ ಉಕ್ಕಿನ ಆರ್ಮರ್ ಕೂಡ ಹಾಗೇ, ಎರಡೂ ಕಡೆ ಗ್ಲ್ಯಾಂಡ್ ಮೂಲಕ ಅರ್ತ್. ಇದನ್ನು ಸರಿಮಾಡಿದ ಮೇಲೆ ತೂಕ ಅರ್ಧ ಕಿಲೋ ಒಳಗೆ ಬಂತು.

ಇನ್ನೊಂದು ಚಿಕ್ಕ ಪ್ರಯೋಗ. ಸೆಕ್ಯುರಿಟಿಯವರು ಹಾಪರ್ ಕೆಳಗೆ ನಿಂತು ವಾಕಿಟಾಕಿ ಒತ್ತಿದರೆ ಐದಾರು ಕಿಲೋ ಜಿಗಿಯುತ್ತಿತ್ತು. ಅಷ್ಟು ಹೈ ಫ್ರೀಕ್ವೆನ್ಸಿಗೆ 60 ಮೀಟರ್ ದೂರದ ಅರ್ತ್ ಇದ್ದೂ ಇಲ್ಲದ ಹಾಗೆ. ಜಂಕ್ಷನ್ ಬಾಕ್ಸ್‌ನಲ್ಲಿ ಡ್ರೈನ್‌ನಿಂದ ಬಾಡಿಗೆ 10 ನ್ಯಾನೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಹಾಕಿದೆ. 50 ಹರ್ಟ್ಸ್‌ಗೆ ಅದು ಮೂರು ಲಕ್ಷ ಓಮ್‌ಗೂ ಜಾಸ್ತಿ, ಅಂದರೆ ಮುಚ್ಚಿದ ಬಾಗಿಲು. ವಾಕಿಟಾಕಿಗೆ ತೆರೆದ ಬಾಗಿಲು. ಜಿಗಿತ ಒಂದು ಕಿಲೋಗೆ ಇಳಿಯಿತು. ಎರಡು ರೂಪಾಯಿ ಮಾಲು.

ಈಗ ವರ್ಷಕ್ಕೆರಡು ಸಲ ಡ್ರೈನ್ ಬಿಚ್ಚಿ ಓಮ್ ನೋಡುತ್ತೇವೆ. ಹೋದ ಮಳೆಗಾಲದಲ್ಲಿ OL ಬದಲು ಕೆಲವು ಸಾವಿರ ಓಮ್ ಬಂತು. ಬಾಕ್ಸ್ ತೆಗೆದರೆ ನೀರು. ಗ್ಲ್ಯಾಂಡ್ ಸಡಿಲವಾಗಿತ್ತು.

ಆ 22 ಸಾವಿರದ ಪಿಟ್ ಬಗ್ಗೆ ಮಾಲೀಕರು ಈಗಲೂ ಕೇಳುತ್ತಾರೆ. ಬೇರೆಯಾಗಿ ಬಿಟ್ಟರೆ ಅಪಾಯ, ಎಲ್ಲೋ ಫಾಲ್ಟ್ ಆದರೆ ಎರಡು ಅರ್ತ್ ನಡುವೆ ಕೈ ಇಟ್ಟವನಿಗೆ ಶಾಕ್. ಹಾಗಾಗಿ 25x3 ಜಿಐ ಪಟ್ಟಿ ಎಳೆದು ಮುಖ್ಯ ಅರ್ತ್‌ಗೆ ಸೇರಿಸಿದೆ. ಪಟ್ಟಿಗೆ ಇನ್ನೂ ಎರಡು ಸಾವಿರ ಆಯಿತು, ಅದನ್ನು ಬಿಲ್‌ನಲ್ಲಿ ಹಾಕಲಿಲ್ಲ.