ಸಬ್‌ಮೀಟರ್ ಬಿಲ್ ಜಗಳ ಹೀಗೆ ಬಗೆಹರಿಯಿತು

ರಾಯಚೂರಿನ ಬೇಸಿಗೆ ಗೊತ್ತಲ್ವಾ, ಕೂಲರ್ ನಿಲ್ಲೋದೇ ಇಲ್ಲ. ನಮ್ಮ ಮನೆಯ ಮೇನ್ ಮೀಟರ್ ರೀಡಿಂಗ್ 4ನೇ ತಾರೀಖು, ಸಬ್‌ಮೀಟರ್ ನೋಡುತ್ತಿದ್ದದ್ದು ತಿಂಗಳ ಕೊನೆಗೆ. ಎರಡರ ಲೆಕ್ಕ ಕೂಡುತ್ತಲೇ ಇರಲಿಲ್ಲ. "ಜಾಸ್ತಿ ಹಾಕಿದ್ದೀರಿ" ಅಂತ ಬಾಡಿಗೆಯವರ ತಕರಾರು.

ಈಗ ಮೇನ್ ರೀಡಿಂಗ್ ಆದ ದಿನವೇ ಎಲ್ಲ ಮೀಟರ್‌ಗಳ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕುತ್ತೇನೆ. ಜೊತೆಗೆ ಈ ಚೀಟಿ:

ಕೆಳಮನೆ, ಮೇ 4ರಿಂದ ಜೂನ್ 4
ಕರೆಂಟ್: 1240ರಿಂದ 1350, 110 ಯೂನಿಟ್ × ₹8 = ₹880
ನೀರು: 212ರಿಂದ 221, 9 ಕಿಲೋಲೀಟರ್ × ₹12 = ₹108
ಮೋಟರ್ ಪಾಲು: ₹72
ಒಟ್ಟು: ₹1,060

₹8 ನಾನು ಇಟ್ಟ ದರವಲ್ಲ. ನಿಗದಿತ ಶುಲ್ಕವೂ ಸೇರಿ ಮೇನ್ ಬಿಲ್ ₹2,400, ಅದನ್ನು 300 ಯೂನಿಟ್‌ಗೆ ಭಾಗಿಸಿದ್ದು. ನೀರಿನ ದರವೂ ಹಾಗೇ: ₹360ರ ಬಿಲ್, 30 ಕಿಲೋಲೀಟರ್.

ಮೂರು ಸಬ್‌ಮೀಟರ್ ಕೂಡಿಸಿದರೆ 270 ಯೂನಿಟ್. ಉಳಿದ 30 ಯೂನಿಟ್ ಬಹುಪಾಲು ನೀರೆತ್ತುವ ಮೋಟರಿನದು, ಅಂದರೆ ₹240. ಅದನ್ನು ಸಮನಾಗಿ ಹಂಚದೆ ನೀರು ಬಳಸಿದಷ್ಟಕ್ಕೆ ಹಂಚಿದೆ. ಒಬ್ಬರೇ ಇರುವವರಿಗೆ ಅದೇ ನ್ಯಾಯ. ಈ 30 ಒಮ್ಮೆಲೇ 60 ಆದರೆ, ಮೊದಲು ಟ್ಯಾಂಕ್ ಉಕ್ಕಿ ಹರಿಯುತ್ತಿದೆಯಾ ನೋಡಿ.